ಛೇದದಿಂದ ಅಂಶಕ್ಕೆ

ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇದನ್ನೇ ಹೇಳಿಕೊಟ್ಟ ನನಗೆ, ಒಂದು ದಿನ ನಾನೇ ಛೇದದಿಂದ ಎದ್ದು ಅಂಶಕ್ಕೆ ಹತ್ತಿ ಕೂರುತ್ತೇನೆಂದು ಗೊತ್ತಿರಲಿಲ್ಲ. ಅರವತ್ತು ತುಂಬಿದ ದಿನವೇ ಆ ಬಡ್ತಿ ಸಿಕ್ಕಿತು. ಜನಸಂಖ್ಯಾಶಾಸ್ತ್ರದವರ ಲೆಕ್ಕದಲ್ಲಿ 15ರಿಂದ 59ರವರೆಗಿನವರು ದುಡಿಯುವ ವಯಸ್ಸಿನವರು, ಅವರ ಜಾಗ ಗೆರೆಯ ಕೆಳಗೆ. 14ರವರೆಗಿನ ಮಕ್ಕಳು ಮತ್ತು 60 ಮುಟ್ಟಿದ ಹಿರಿಯರು ಅವಲಂಬಿತರು, ಅವರ ಜಾಗ ಗೆರೆಯ ಮೇಲೆ. ಮೇಲಿನವರನ್ನು ಕೆಳಗಿನವರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅವಲಂಬನಾ ಅನುಪಾತ ಸಿಕ್ಕಿತು. ಸೇವೆಯಲ್ಲಿದ್ದಾಗ ಕಾದೂ ಕಾದೂ ಸಿಗದ ಬಡ್ತಿ ನಿವೃತ್ತನಾದ ಕೂಡಲೇ ಅರ್ಜಿಯಿಲ್ಲದೆ ಸಿಕ್ಕಿತೆಂದು ನಾನು ಹಿಗ್ಗಬಹುದಿತ್ತು. ಆದರೆ ಈ ಗೆರೆ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಸರ್ಕಾರದ ಪಟ್ಟಿಗಳಲ್ಲಿ ಮುಪ್ಪು ಶುರುವಾಗುವುದು 60ಕ್ಕೆ, ವಿಶ್ವಸಂಸ್ಥೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ 65ಕ್ಕೆ. ಅಂದರೆ ದೆಹಲಿಯ ಲೆಕ್ಕದಲ್ಲಿ ನಾನು ಅವಲಂಬಿತ, ನ್ಯೂಯಾರ್ಕಿನ ಲೆಕ್ಕದಲ್ಲಿ ಇನ್ನೂ ದುಡಿಯುವ ಆಳು. ನನ್ನ ಹೆಂಡತಿ ನ್ಯೂಯಾರ್ಕಿನ ಲೆಕ್ಕವನ್ನೇ ಒಪ್ಪಿಕೊಂಡಿದ್ದಾಳೆ.

ಇಷ್ಟೆಲ್ಲ ತಿಳಿದದ್ದು ತಂಗಿಯ ಮಗಳಿಂದ. ಅವಳು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ರಜೆಗೆಂದು ಶಿರಸಿ ಹತ್ತಿರದ ನಮ್ಮ ಊರಿಗೆ ಬರುವಾಗ ಹಲಸಿನ ಹಪ್ಪಳದ ಆಸೆಯ ಜೊತೆಗೆ ಒಂದು ಅಸೈನ್‌ಮೆಂಟನ್ನೂ ಹೊತ್ತು ತಂದಿದ್ದಳು. ಜನಸಂಖ್ಯೆಗೆ ವಯಸ್ಸಾಗುವುದು, ಅವಲಂಬನಾ ಅನುಪಾತ ಇಳಿಯುವುದು, ಇವುಗಳಿಂದ ದುಡಿಯುವ ಕೈಗಳ ಮೇಲೂ ಸರ್ಕಾರದ ಖರ್ಚಿನ ಮೇಲೂ ಆಗುವ ಪರಿಣಾಮ. ಇದರ ಮೇಲೆ ಹತ್ತು ಪುಟ ಬರೆಯಬೇಕಂತೆ. ಪ್ರಶ್ನೆಯನ್ನು ಓದುತ್ತಲೇ ಅವಳಿಗೆ ಅನುಮಾನ ಬಂತು.

“ಮಾವ, ಮುದುಕರು ಜಾಸ್ತಿ ಆಗ್ತಿದಾರೆ ಅಂತಾನೂ ಇದೆ, ಅವಲಂಬನೆ ಕಡಿಮೆ ಆಗ್ತಿದೆ ಅಂತಾನೂ ಇದೆ. ಎರಡರಲ್ಲಿ ಒಂದು ಪ್ರಿಂಟ್ ಮಿಸ್ಟೇಕ್ ಇರಬೇಕು, ಅಲ್ವಾ?”

ಪ್ರಶ್ನೆ ಚೆನ್ನಾಗಿತ್ತು. ಗಣಿತದ ಮಾಸ್ತರನಿಗೆ ನಿವೃತ್ತಿಯ ನಂತರ ಇಂಥ ಪ್ರಶ್ನೆ ಸಿಗುವುದು ಅಪರೂಪ. ಸಿಗುವುದೆಲ್ಲ ‘ಪಿಂಚಣಿ ಎಷ್ಟು ಬರ್ತದೆ ಮಾಸ್ತರೇ’ ಎಂಬ ಜಾತಿಯವೇ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಲು ಕೂತೆವು.

ಕೇಂದ್ರ ಆರೋಗ್ಯ ಸಚಿವಾಲಯದ ತಾಂತ್ರಿಕ ತಂಡವೊಂದು 2011ರಿಂದ 2036ರವರೆಗಿನ ಜನಸಂಖ್ಯೆಯ ಅಂದಾಜನ್ನು 2020ರಲ್ಲಿ ಪ್ರಕಟಿಸಿದೆ. 2021ರ ಜನಗಣತಿ ನಡೆಯದ ಕಾರಣ ಎಲ್ಲರೂ ಜೋತುಬಿದ್ದಿರುವುದು ಅದಕ್ಕೇ. ಅದರ ಅಂಕಿಗಳನ್ನು ನಮ್ಮ ಅನುಕೂಲಕ್ಕೆ ಸ್ವಲ್ಪ ದುಂಡಗೆ ಮಾಡಿಕೊಂಡೆವು. 2011ರಲ್ಲಿ ದೇಶದ ನೂರು ಜನರಲ್ಲಿ ಮಕ್ಕಳು 31, ದುಡಿಯುವ ವಯಸ್ಸಿನವರು 60.5, ಹಿರಿಯರು 8.5. ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿದರೆ 39.5. ಅದನ್ನು 60.5ರಿಂದ ಭಾಗಿಸಿದರೆ ಅನುಪಾತ 65. ಅಂದರೆ ದುಡಿಯುವ ನೂರು ಮಂದಿಯ ಹೆಗಲ ಮೇಲೆ 65 ಜನ. 2036ಕ್ಕೆ ಬನ್ನಿ. ಮಕ್ಕಳು 20ಕ್ಕೆ ಇಳಿಯುತ್ತಾರೆ, ಹಿರಿಯರು 15ಕ್ಕೆ ಏರುತ್ತಾರೆ, ನಡುವಿನವರು 65. ಅವಲಂಬಿತರು ಒಟ್ಟು 35. ಅನುಪಾತ 54. ಮುದುಕರ ಪಾಲು ಹತ್ತಿರ ಹತ್ತಿರ ದುಪ್ಪಟ್ಟಾಗಿದೆ, ಆದರೂ ಹೆಗಲ ಮೇಲಿನ ಭಾರ 65ರಿಂದ 54ಕ್ಕೆ ಇಳಿದಿದೆ! ಪ್ರಿಂಟ್ ಮಿಸ್ಟೇಕ್ ಏನೂ ಇಲ್ಲ. ಹತ್ತುವವರಿಗಿಂತ ಇಳಿಯುವವರು ಹೆಚ್ಚಾದರೆ ಬಸ್ಸು ಹಗುರಾಗುತ್ತದೆ, ಅಷ್ಟೇ. ಹಿರಿಯರು ಆರೇಳು ಜನ ಹತ್ತುವಷ್ಟರಲ್ಲಿ ಮಕ್ಕಳು ಹನ್ನೊಂದು ಜನ ಇಳಿದಿರುತ್ತಾರೆ.

ಇಲ್ಲಿಗೆ ಉತ್ತರ ಮುಗಿಯಿತೆಂದು ಅವಳು ಪೆನ್ನಿನ ಕ್ಯಾಪ್ ಹಾಕಿದಳು. ನಾನು ತೆಗೆಸಿದೆ. 65ನ್ನು ಬಿಡಿಸಿದರೆ ಅದರಲ್ಲಿ 51 ಮಕ್ಕಳ ಪಾಲು, 14 ಹಿರಿಯರ ಪಾಲು. 54ನ್ನು ಬಿಡಿಸಿದರೆ 31 ಮಕ್ಕಳದು, 23 ಹಿರಿಯರದು. ಒಟ್ಟು ಇಳಿದರೂ ಒಳಗಿನ ಜನ ಬದಲಾಗಿದ್ದಾರೆ. ಅನುಪಾತ ಎಂಬ ಈ ಒಂದೇ ಸಂಖ್ಯೆಯನ್ನು ನೆಚ್ಚಿಕೊಂಡವರು ಎಡವುವುದು ಇಲ್ಲೇ. ಆರು ವರ್ಷದ ಹುಡುಗನನ್ನೂ ಎಂಬತ್ತರ ಅಜ್ಜನನ್ನೂ ಅದು ಒಂದೇ ತಕ್ಕಡಿಯಲ್ಲಿಟ್ಟು ‘ಇಬ್ಬರು’ ಎನ್ನುತ್ತದೆ. ಹುಡುಗ ಇನ್ನೊಂಬತ್ತು ವರ್ಷಕ್ಕೆ ಛೇದಕ್ಕೆ ಇಳಿದು ಬರುತ್ತಾನೆ, ಅವನ ಮೇಲೆ ಹಾಕಿದ ಖರ್ಚು ಒಂದು ದಿನ ದುಡಿಮೆಯಾಗಿ ವಾಪಸಾಗುತ್ತದೆ. ಅಜ್ಜ ವಾಪಸು ಬರುವ ಪೈಕಿ ಅಲ್ಲ.

ಇನ್ನೊಂದು ಮಾತು. ಈ ಇಳಿಕೆಗೆ ತಳವುಂಟು. ಮಕ್ಕಳ ಸಂಖ್ಯೆ ಇಳಿದು ಇಳಿದು ಒಂದು ಹಂತದಲ್ಲಿ ಇನ್ನು ಹೆಚ್ಚು ಇಳಿಯದೆ ನಿಲ್ಲುತ್ತದೆ, ಹಿರಿಯರ ಸಂಖ್ಯೆ ಏರುತ್ತಲೇ ಇರುತ್ತದೆ. ಅಲ್ಲಿಂದ ಅನುಪಾತ ಮತ್ತೆ ಮೇಲಕ್ಕೆ. ಜಪಾನಿನಲ್ಲಿ ಹೀಗೇ ಆಯಿತು. 1990ರ ಸುಮಾರಿಗೆ ಅದು ನೂರಕ್ಕೆ 43-44ರಷ್ಟು ಕೆಳಗಿತ್ತು, ಈಗ 70ರ ಆಸುಪಾಸಿನಲ್ಲಿದೆ. ಅಲ್ಲಿ 65 ದಾಟಿದವರೇ ಈಗ ನೂರಕ್ಕೆ 29. ಅನುಪಾತ ಕೆಳಗಿರುವ ಆ ಕೆಲವು ದಶಕಗಳನ್ನು ಪಂಡಿತರು ‘ಜನಸಂಖ್ಯಾ ಲಾಭಾಂಶ’ ಎಂದು ಕರೆಯುತ್ತಾರೆ. ಷೇರುಪೇಟೆಯ ಲಾಭಾಂಶವಾದರೆ ತಾನಾಗಿಯೇ ಖಾತೆಗೆ ಬಂದು ಬೀಳುತ್ತದೆ. ಇದು ಹಾಗಲ್ಲ, ನಡುವಿನ ವಯಸ್ಸಿನವರಿಗೆ ಕೆಲಸ ಸಿಕ್ಕರೆ ಮಾತ್ರ ಉಂಟು.

ಇಡೀ ದೇಶವನ್ನು ಒಟ್ಟಿಗೆ ಕಲಸುವುದೂ ಸರಿಯಲ್ಲ. ಹಿರಿಯರ ಪಾಲಿನಲ್ಲಿ ದೇಶ 2036ಕ್ಕೆ ಮುಟ್ಟುವ ಶೇಕಡ 15ನ್ನು ಕರ್ನಾಟಕ 2031ಕ್ಕೇ ಮುಟ್ಟುತ್ತದೆಂದು ಅದೇ ಅಂದಾಜು ಹೇಳುತ್ತದೆ. ಕೇರಳ 2021ರಲ್ಲೇ 16.5ಕ್ಕೆ ಹೋಗಿ ಕೂತಿದೆ. ಬಿಹಾರ 2031ರಲ್ಲಿ 11 ಮುಟ್ಟಿದಾಗ, ನಾವು ಹತ್ತು ವರ್ಷ ಹಿಂದೆ ಇದ್ದ ಜಾಗಕ್ಕೂ ಅದು ಪೂರ್ತಿ ಬಂದಿರುವುದಿಲ್ಲ. ಒಂದೇ ದೇಶ, ಒಂದೇ ರೈಲು, ಆದರೆ ಒಂದು ಬೋಗಿಯಲ್ಲಿ ತೊಟ್ಟಿಲು, ಇನ್ನೊಂದರಲ್ಲಿ ಊರುಗೋಲು.

ಇಷ್ಟು ಹೊತ್ತು ‘ಅರವತ್ತು’ ಎಂದು ಧೈರ್ಯವಾಗಿ ಹೇಳುತ್ತ ಬಂದೆನಲ್ಲ, ಆ ಅರವತ್ತು ಯಾರಿಗೆ ಯಾವಾಗ ಆಗುತ್ತದೆ ಎಂಬುದೇ ನಮ್ಮಲ್ಲಿ ದೊಡ್ಡ ಕಥೆ. ನಮ್ಮ ಆಯಿಗೆ ವಯಸ್ಸೆಷ್ಟೆಂದು ಅವಳನ್ನೇ ಕೇಳಿದರೆ, “ಗಾಂಧಿ ಸತ್ತಾಗ ನನಗೆ ಸೀರೆ ಉಡೋಕೆ ಬರ್ತಿರಲಿಲ್ಲ, ಸಗಣಿ ಸಾರಿಸೋಕೆ ಬರ್ತಿತ್ತು” ಎನ್ನುತ್ತಾಳೆ. ಏಳೆಂಟು ವರ್ಷವಿರಬಹುದು ಎಂದು ನಾವು ಊಹಿಸಿಕೊಳ್ಳಬೇಕು. ಆಧಾರ್ ಕಾರ್ಡಿನಲ್ಲಿ ಒಂದು ವರ್ಷವಿದೆ, ಮತದಾರರ ಪಟ್ಟಿಯಲ್ಲಿ ಇನ್ನೊಂದಿದೆ, ಎರಡಕ್ಕೂ ಅವಳ ಆಕ್ಷೇಪಣೆಯಿಲ್ಲ.

ಶಾಲಾ ಮಾಸ್ತರರಿಗೆ ಗಣತಿಯ ಕೆಲಸ ತಪ್ಪಿದ್ದಲ್ಲ. ನಾನೂ ಬಗಲಿಗೆ ಚೀಲ ಹಾಕಿಕೊಂಡು ಮನೆ ಮನೆ ತಿರುಗಿದವನು. ಬಾಗಿಲಲ್ಲಿ ಕೂತ ಯಜಮಾನರನ್ನು ವಯಸ್ಸು ಕೇಳಿದರೆ, “ನೀವೇ ನೋಡಿ ಬರ್ಕೊಳ್ಳಿ ಮಾಸ್ತರೇ” ಎಂದು ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದರು. ಸ್ವಾತಂತ್ರ್ಯ ಬಂದಾಗ ಎಷ್ಟಿತ್ತು, ಊರಿಗೆ ಕರೆಂಟು ಬಂದಾಗ ಮದುವೆಯಾಗಿತ್ತೇ ಎಂದು ಇಂಥ ಘಟನೆಗಳನ್ನು ಹಿಡಿದು ಕೇಳಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕೇಳಿದರೆ ಕರೆಂಟು ಬಂದ ಕಥೆ ಅರ್ಧ ಗಂಟೆ ನಡೆಯುತ್ತಿತ್ತು, ಕಷಾಯವೂ ಬರುತ್ತಿತ್ತು, ವಯಸ್ಸು ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಯಜಮಾನರೇ ಕರುಣೆ ತೋರಿ, “ಒಂದು ಅರವತ್ತು ಹಾಕಿ” ಎನ್ನುವರು. ಹೆಂಡತಿಗೆ ಐವತ್ತೈದು, ಮಗನಿಗೆ ಮೂವತ್ತೈದು, ಸೊಸೆಗೆ ಮೂವತ್ತು. ಇಡೀ ಮನೆ ಐದರ ಮಗ್ಗಿ.

ಹೀಗಾಗಿ ಗಣತಿಯ ಪಟ್ಟಿಯಲ್ಲಿ ಒಂದೊಂದು ವಯಸ್ಸಿಗೆ ಒಂದೊಂದು ಕಂಬ ನಿಲ್ಲಿಸಿದರೆ 59 ಕುಳ್ಳ, 61 ಕುಳ್ಳ, ನಡುವೆ 60 ಇವೆರಡರ ದುಪ್ಪಟ್ಟಿಗೂ ಮೀರಿ ಗೋಪುರದಂತೆ ಎದ್ದಿರುತ್ತದೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಎಂಬುದೊಂದಿದೆ. 23ರಿಂದ 62ರವರೆಗಿನವರಲ್ಲಿ ವಯಸ್ಸಿನ ಕೊನೆಗೆ ಸೊನ್ನೆ ಅಥವಾ ಐದು ಇರುವವರನ್ನು ಎಣಿಸಿ, ಐದರಿಂದ ಗುಣಿಸಿ, ಆ ಗುಂಪಿನ ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಎಲ್ಲರೂ ನಿಜ ಹೇಳಿದ್ದರೆ 100 ಬರುತ್ತದೆ. ಎಲ್ಲರೂ ನಮ್ಮ ಯಜಮಾನರ ದಾರಿ ಹಿಡಿದಿದ್ದರೆ 500. 105ರೊಳಗಿದ್ದರೆ ಅಂಕಿಅಂಶ ಅಚ್ಚುಕಟ್ಟು, 175 ದಾಟಿದರೆ ಬಹಳ ಒರಟು ಎಂದು ಲೆಕ್ಕ.

ಅನುಪಾತಕ್ಕೂ ಇದಕ್ಕೂ ಏನು ಸಂಬಂಧ ಎಂದು ತಂಗಿಯ ಮಗಳು ಕೇಳಿದಳು. ಸಂಬಂಧ ನೇರವಾಗಿಯೇ ಇದೆ. ನಿಜಕ್ಕೂ 62 ಆದವನು 60 ಎಂದು ಹೇಳಿದರೆ ನಷ್ಟವಿಲ್ಲ, ಅವನು ಹೇಗೂ ಗೆರೆಯ ಮೇಲಿನವನೇ. 58 ಆದವನು 60 ಎಂದರೆ ಅವನು ಛೇದದಿಂದ ಮಾಯವಾಗಿ ಅಂಶದಲ್ಲಿ ಹುಟ್ಟುತ್ತಾನೆ. ಒಂದೇ ಏಟಿಗೆ ಮೇಲಿನದು ಹೆಚ್ಚು, ಕೆಳಗಿನದು ಕಡಿಮೆ. ಗೆರೆ ಎಳೆದಿರುವ ಜಾಗವೂ ಗೋಪುರದ ಜಾಗವೂ ಒಂದೇ ಆಗಿರುವುದು ದುರದೃಷ್ಟ. ಅದಕ್ಕೇ ಅಂದಾಜು ಮಾಡುವವರು ಮೊದಲು ಈ ಗೋಪುರಗಳನ್ನು ತಟ್ಟಿ ಪಕ್ಕದ ವಯಸ್ಸುಗಳಿಗೆ ಹಂಚಿ ನಯ ಮಾಡಿಕೊಳ್ಳುತ್ತಾರೆ. 2011ರ ಹಿರಿಯರ ಪಾಲು ಗಣತಿಯ ಹಸಿ ಪಟ್ಟಿಯಲ್ಲಿ 8.6, ಅಂದಾಜಿನ ಪುಸ್ತಕದಲ್ಲಿ 8.4. ಎರಡು ಕಡೆಯ ಅಂಕಿಗಳನ್ನು ಬೆರೆಸಿ ಲೆಕ್ಕ ಮಾಡಿದ ಅಸೈನ್‌ಮೆಂಟುಗಳು ಎಷ್ಟೋ ಇರಬೇಕು. ಯಾವ ಪಟ್ಟಿಯದೆಂದು ನೋಡಿಕೊಂಡು ಬರೆದರೆ ಪೇಚಿಲ್ಲ.

ಓದು ಬಲ್ಲವರ ವಯಸ್ಸಾದರೂ ಸರಿಯಿರುತ್ತದೆಯೇ ಅಂದರೆ ಅದೂ ಇಲ್ಲ. ನಮ್ಮ ತಲೆಮಾರಿನವರಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ ನೋಡಿ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ದಯಪಾಲಿಸಿದ ಜನ್ಮದಿನ ಅದು. ಮಗುವಿಗೆ ಜೂನ್ ಹೊತ್ತಿಗೆ ಸರಿಯಾಗಿ ವಯಸ್ಸು ತುಂಬಿರಬೇಕಲ್ಲ! ಜೂನ್ 1ರಂದು ಹುಟ್ಟಿದ ಸರ್ಕಾರಿ ನೌಕರ ನಿಯಮದಂತೆ ಮೇ 31ರಂದು ನಿವೃತ್ತನಾಗುತ್ತಾನೆ. ಮೇ 31ರ ಸಂಜೆ ತಾಲ್ಲೂಕಿನ ಶಾಲು, ಹಾರ, ಫಲತಾಂಬೂಲಗಳಿಗೆಲ್ಲ ಒಮ್ಮೆಲೇ ಬೇಡಿಕೆ ಬರುತ್ತದೆ. ಹಾಗೆಯೇ ಖಜಾನೆಯ ಗ್ರಾಚ್ಯುಟಿಗೂ. ಐವತ್ತು ಚಿಲ್ಲರೆ ವರ್ಷದ ಹಿಂದೆ ಯಾವನೋ ಹೆಡ್‌ಮಾಸ್ತರ ಅವಸರದಲ್ಲಿ ಬರೆದ ತಾರೀಕಿಗೆ ಇವತ್ತಿನ ಬಜೆಟ್ಟು ದುಡ್ಡು ಹೊಂದಿಸುತ್ತದೆ.

ಇನ್ನು ದುಡಿಯುವ ಕೈಗಳ ವಿಷಯ. ಛೇದದಲ್ಲಿ ಕೂತವರೆಲ್ಲ ದುಡಿಯುತ್ತಿದ್ದಾರೆಂದು ಅನುಪಾತ ನಂಬಿಬಿಟ್ಟಿದೆ. ಧಾರವಾಡದಲ್ಲಿ ಎಂ.ಎ. ಓದುತ್ತಿರುವ ನಮ್ಮ ಹುಡುಗಿಯೂ ಅದರ ಪ್ರಕಾರ ದುಡಿದು ನನ್ನನ್ನು ಸಾಕುತ್ತಿದ್ದಾಳೆ. ಅವಳ ಹಾಸ್ಟೆಲ್ ಫೀಸು ಕಟ್ಟಿದವನು ನಾನು. ಇತ್ತ ಅಂಶದಲ್ಲಿ ಕೂತವರೆಲ್ಲ ಕೈಕಟ್ಟಿ ಕೂತಿದ್ದಾರೆಯೇ? 2011ರ ಗಣತಿಯ ಪ್ರಕಾರ ಹಳ್ಳಿಗಳಲ್ಲಿ 60 ದಾಟಿದ ಗಂಡಸರಲ್ಲಿ ನೂರಕ್ಕೆ ಸುಮಾರು 66 ಮಂದಿ ಇನ್ನೂ ದುಡಿಯುತ್ತಿದ್ದರು. ಪೇಟೆಗಳಲ್ಲಿ 46. ಹೆಂಗಸರ ಅಂಕಿ ಹಳ್ಳಿಯಲ್ಲಿ 28, ಪೇಟೆಯಲ್ಲಿ 11. ಆದರೆ ಹೆಂಗಸರ ಈ ಅಂಕಿಯನ್ನು ಯಾರೂ ನಂಬಬೇಡಿ. ದುಡಿಯದವರನ್ನು ಗಣತಿಯ ನಮೂನೆ ಮತ್ತೆ ವಿಂಗಡಿಸುತ್ತದೆ: ವಿದ್ಯಾರ್ಥಿ, ಮನೆಗೆಲಸದವರು, ಅವಲಂಬಿತರು, ಪಿಂಚಣಿದಾರರು, ಬಾಡಿಗೆ-ಬಡ್ಡಿಯಲ್ಲಿ ಬದುಕುವವರು, ಭಿಕ್ಷುಕರು. ಈ ಕ್ರಮವನ್ನು ನೋಡಿದಾಗಲೆಲ್ಲ ಪಿಂಚಣಿದಾರನಾದ ನನಗೆ ಮುಂದಿನ ಎರಡು ಮೆಟ್ಟಿಲು ಕಾಣಿಸಿ ಎದೆ ಝಲ್ಲೆನ್ನುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೊಟ್ಟಿಗೆ ನೋಡಿಕೊಂಡು, ಅಡಿಕೆ ಸುಲಿದು, ರಾತ್ರಿ ಪಾತ್ರೆ ತೊಳೆದು ಮಲಗುವ ಅರವತ್ತೈದರ ಹೆಂಗಸನ್ನು ‘ಮನೆಗೆಲಸ’ ಎಂದು ಬರೆದು ಮುಂದೆ ಹೋಗುವುದು ಗಣತಿದಾರನಿಗೆ ಸುಲಭ. ಹೇಳುವ ಗಂಡನೂ ಹಾಗೇ ಹೇಳುತ್ತಾನೆ: “ಅವಳೇನು ಮಾಡ್ತಾಳೆ, ಮನೇಲೇ ಇರ್ತಾಳೆ.”

ನಮ್ಮ ಕಡೆ ಕೆಲಸದವರ ಅಭಾವ ಏನೆಂದು ಅನುಪಾತದಿಂದ ತಿಳಿಯುವುದಿಲ್ಲ, ಅಡಿಕೆ ತೋಟಕ್ಕೆ ಬಂದು ಕತ್ತೆತ್ತಿ ನೋಡಬೇಕು. ಕೊನೆ ಕೊಯ್ಯುವವನಿಗೆ ನಮ್ಮಲ್ಲಿ ಕೊನೆಗೌಡ ಎನ್ನುತ್ತಾರೆ. ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುತ್ತಾನೆ. ತುದಿಯಲ್ಲಿ ಕೂತು ಕೊನೆ ಕಡಿದು, ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗೆ ಹಗ್ಗ ಹಿಡಿದವನು ಅದನ್ನು ಒಂದು ಅಡಿಕೆಯೂ ಉದುರದ ಹಾಗೆ ಹಿಡಿಯಬೇಕು. ಆ ಮರದ ಕೆಲಸ ಮುಗಿದರೆ ಕೊನೆಗೌಡ ಕೆಳಗಿಳಿಯುವುದಿಲ್ಲ. ಮರವನ್ನೇ ತೂಗಿ ತೂಗಿ ಪಕ್ಕದ ಮರವನ್ನು ಹಿಡಿದು ದಾಟಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವವನೂ ಅವನೇ, ಆಗ ಮರ ಪಾಚಿ ಕಟ್ಟಿ ಜಾರುತ್ತಿರುತ್ತದೆ. 15ರಿಂದ 59ರವರೆಗೆ ಎಂದು ಪುಸ್ತಕ ಹೇಳಿದರೂ ಈ ಕೆಲಸಕ್ಕೆ ಬೇಕಾದ ದೇಹ ಇಪ್ಪತ್ತರಿಂದ ನಲವತ್ತೈದರದ್ದು. ನಮ್ಮ ಕೊನೆಗೌಡನಿಗೆ ಐವತ್ತು ದಾಟಿ ಎಷ್ಟೋ ಆಯಿತು. ಛೇದದಲ್ಲೇ ಇದ್ದಾನೆ, ಮಂಡಿ ಮಾತ್ರ ಯಾವತ್ತೋ ಅಂಶಕ್ಕೆ ಹೋಗಿದೆ.

ಅವನ ಮಗ ಬೆಂಗಳೂರಿನಲ್ಲಿ ಬೈಕಿನಲ್ಲಿ ಊಟ ಹಂಚುತ್ತಾನೆ. ರಾಜ್ಯದ ಅನುಪಾತಕ್ಕೆ ಇದರಿಂದ ಏನೂ ಆಗಲಿಲ್ಲ, ಕರ್ನಾಟಕದ ಛೇದ ಕರ್ನಾಟಕದಲ್ಲೇ ಉಳಿಯಿತು. ನಮ್ಮೂರಿನದು ಕುಸಿಯಿತು. ನಮ್ಮ ಕೇರಿಯಲ್ಲಿ ಈಗ ದುಡಿಯುವ ವಯಸ್ಸಿನವರಿಗಿಂತ ಅರವತ್ತು ದಾಟಿದವರೇ ಹೆಚ್ಚು, ಅನುಪಾತ ನೂರು ದಾಟಿದೆ. ಜಪಾನಿಗೂ ಈ ಯೋಗ ಇನ್ನೂ ಬಂದಿಲ್ಲ.

ಕೈ ಕಡಿಮೆಯಾದಾಗ ಅರ್ಥಶಾಸ್ತ್ರದ ಪುಸ್ತಕ ಮೂರು ದಾರಿ ಹೇಳುತ್ತದೆ. ಕೂಲಿ ಏರುತ್ತದೆ, ಹೊರಗಿನಿಂದ ಜನ ಬರುತ್ತಾರೆ, ಯಂತ್ರ ಬರುತ್ತದೆ. ನಮ್ಮಲ್ಲಿ ಮೂರೂ ಬಂದವು. ಕೊನೆಗೌಡನ ದಿನದ ದರ ಕೇಳಿದರೆ ನಿವೃತ್ತ ಮಾಸ್ತರ ಕುರ್ಚಿ ಹುಡುಕಬೇಕು. ಘಟ್ಟದ ಕಾಫಿ ತೋಟಗಳಲ್ಲಿ ಅಸ್ಸಾಂ ಕಡೆಯ ಹುಡುಗರು ಕೆಲಸ ಮಾಡುತ್ತಾರೆ. ತೊಟ್ಟಿಲ ಬೋಗಿಯಿಂದ ಊರುಗೋಲ ಬೋಗಿಗೆ ಜನ ದಾಟಿ ಬರುತ್ತಿದ್ದಾರೆ. ಮೂರನೆಯದು ಕಾರ್ಬನ್ ಫೈಬರಿನ ದೋಟಿ. ಒಂದರೊಳಗೊಂದು ಸೇರುವ ಹಗುರ ಕೊಳವೆಗಳು, ಎಳೆದರೆ ಅರವತ್ತು ಅಡಿಗೂ ಮೇಲೆ ಹೋಗುತ್ತದೆ, ತುದಿಗೊಂದು ಕತ್ತಿ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಔಷಧಿಯನ್ನೂ ಹೊಡೆಯಬಹುದು. ಹತ್ತಾರು ಸಾವಿರ ಬೆಲೆ. ನಮ್ಮ ಕೊನೆಗೌಡ ಮೊದಲು ಅದನ್ನು ಕಂಡು ನಕ್ಕ, ಆಮೇಲೆ ಅದನ್ನೇ ಕೊಂಡ. ಮಂಡಿ ಉಳಿಯಿತು, ಈಗ ಕುತ್ತಿಗೆ ನೋವು ಎನ್ನುತ್ತಾನೆ. ಒಂದು ದೋಟಿ ಅವನ ದುಡಿಮೆಯ ಆಯುಸ್ಸನ್ನು ಹತ್ತು ವರ್ಷ ಹಿಗ್ಗಿಸಿದರೆ, ಛೇದದ ಮೇಲಿನ ಗಡಿ 59ರಲ್ಲೇ ಯಾಕೆ ನಿಲ್ಲಬೇಕು ಎಂದು ತಂಗಿಯ ಮಗಳು ಅಸೈನ್‌ಮೆಂಟಿನಲ್ಲಿ ಬರೆದಳು. ನನಗೆ ಖುಷಿಯಾಯಿತು. ಅದು ಪುಸ್ತಕದಲ್ಲಿರಲಿಲ್ಲ.

ಸರ್ಕಾರದ ಖರ್ಚಿಗೆ ಬಂದಾಗ ಅವಳ ವಾದ ಸರಳವಾಗಿತ್ತು. ಮಕ್ಕಳು ಕಡಿಮೆಯಾದರೆ ಶಾಲೆಯ ದುಡ್ಡು ಉಳಿಯುತ್ತದೆ, ಅದನ್ನು ಹಿರಿಯರಿಗೆ ಹಾಕಬಹುದು. ನಾನು ಅವಳನ್ನು ನಾನು ಕಲಿತ ಪ್ರಾಥಮಿಕ ಶಾಲೆಗೆ ಕರೆದುಕೊಂಡು ಹೋದೆ. ನಮ್ಮ ಕಾಲದಲ್ಲಿ ಬೆಂಚಿಗೆ ಐದು ಜನ ಒತ್ತಿಕೊಂಡು ಕೂರುತ್ತಿದ್ದೆವು, ಈಗ ಇಡೀ ಶಾಲೆಗೆ ಬೆರಳೆಣಿಕೆಯ ಮಕ್ಕಳು. ಮಕ್ಕಳು ಹತ್ತನೇ ಒಂದು ಪಾಲಾದರೆಂದು ಖರ್ಚು ಹತ್ತನೇ ಒಂದಾಗುವುದಿಲ್ಲ. ಮಾಡು ಸೋರುವುದು ಮೊದಲಿನಷ್ಟೇ. ಮಾಸ್ತರ ಒಬ್ಬ ಬೇಕೇ ಬೇಕು, ಬಿಸಿಯೂಟದವರು ಬೇಕು. ಶಾಲೆಯನ್ನು ಮುಚ್ಚಿ ಪಕ್ಕದ ಊರಿನದಕ್ಕೆ ಸೇರಿಸಿದರೆ ಏಳು ವರ್ಷದ ಮಗು ಹಳ್ಳ ದಾಟಿ ಹೋಗಬೇಕು. ಮುಚ್ಚಿದರೂ ಅಲ್ಲಿನ ಮಾಸ್ತರನನ್ನು ಆಸ್ಪತ್ರೆಯ ನರ್ಸು ಮಾಡಲಾಗುವುದಿಲ್ಲ. ಅವನು ಮಾಸ್ತರನಾಗಿಯೇ ಮುದುಕನಾಗಿ, ನನ್ನ ಹಾಗೆ ಪಿಂಚಣಿಗೆ ಬಂದು ಕೂರುತ್ತಾನೆ.

ನನ್ನ ಪಿಂಚಣಿ ಯಾವುದೋ ಹುಂಡಿಯಲ್ಲಿ ನನ್ನ ಹೆಸರಿನಲ್ಲಿ ಕೂಡಿಟ್ಟದ್ದಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕೆ ಮೊದಲು ಕೆಲಸಕ್ಕೆ ಸೇರಿದ ನಮ್ಮಂಥವರಿಗೆ ಇವತ್ತು ತೆರಿಗೆ ಕಟ್ಟುವವರ ಹಣದಿಂದಲೇ ತಿಂಗಳು ತಿಂಗಳು ಬರುತ್ತದೆ. ಆಮೇಲೆ ಸೇರಿದವರದ್ದು ಅವರವರ ಖಾತೆಯಲ್ಲಿ ಜಮೆಯಾಗುವ ಹೊಸ ವ್ಯವಸ್ಥೆ. ಅಂದರೆ ಹಳೆಯವರು ಛೇದದ ಗಾತ್ರವನ್ನು ನಂಬಿದವರು, ಹೊಸಬರು ಮಾರುಕಟ್ಟೆಯನ್ನು ನಂಬಬೇಕಾದವರು. ಎರಡರಲ್ಲಿ ಯಾವುದು ಹೆಚ್ಚು ಚಂಚಲ ಎಂದು ಸ್ಟಾಫ್ ರೂಮಿನಲ್ಲಿ ನಡೆಯುತ್ತಿದ್ದ ವಾದ ನಾನು ಹೊರಬಂದ ದಿನವೂ ಮುಗಿದಿರಲಿಲ್ಲ.

ಆದರೆ ನಾವು ನೌಕರರು ಎಷ್ಟು ಜನ? ಹೆಚ್ಚಿನ ಹಿರಿಯರಿಗೆ ಪಿಂಚಣಿಯೆಂದರೆ ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಬಡ ಹಿರಿಯರ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು 200 ರೂಪಾಯಿ. ಆ 200 ರೂಪಾಯಿ ವರ್ಷಗಳಿಂದ ಅಲುಗಿಲ್ಲ. ಅದು ನಿಂತಲ್ಲೇ ನಿಂತು, ಸುತ್ತಲಿನ ಬೇಳೆ-ಎಣ್ಣೆ ಮುಂದೆ ಹೋಗಿವೆ. ಉಳಿದ ಖರ್ಚನ್ನು ಹೊರುವುದು ಮನೆ. ಮನೆಯಲ್ಲಿ ಹೊರುವುದು ಸೊಸೆ ಅಥವಾ ಮಗಳು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ನಲವತ್ತರ ಹೆಂಗಸು ಛೇದದಲ್ಲೇ ಎಣಿಕೆಯಾಗುತ್ತಾಳೆ. ಮುಪ್ಪಿನಿಂದ ದುಡಿಯುವ ಕೈ ಕಡಿಮೆಯಾಗುವುದು ಹೀಗೂ ಉಂಟು. ಯಾವ ಬಜೆಟ್ ಪುಸ್ತಕದಲ್ಲೂ ಅದಕ್ಕೊಂದು ಶೀರ್ಷಿಕೆಯಿಲ್ಲ.

ಖರ್ಚು ಹೇಗೆ ಸದ್ದಿಲ್ಲದೆ ಬೆಳೆಯುತ್ತದೆ ಎಂಬುದಕ್ಕೆ ಜಪಾನಿನ ಬೆಳ್ಳಿ ಬಟ್ಟಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1963ರಲ್ಲಿ ಅಲ್ಲಿನ ಸರ್ಕಾರ, ನೂರು ವರ್ಷ ತುಂಬಿದವರಿಗೆ ಗೌರವಾರ್ಥ ಒಂದೊಂದು ಬೆಳ್ಳಿಯ ಸಾಕೆ ಬಟ್ಟಲು ಕೊಡಲು ಶುರುಮಾಡಿತು. ಸಾಕೆ ಎಂದರೆ ಅವರ ಅಕ್ಕಿಯ ಮದ್ಯ. ನೂರಕ್ಕೆ ಕುಡಿಯುವ ಪಾತ್ರೆ ಕೊಡುವ ಸರ್ಕಾರವನ್ನು ಮೆಚ್ಚಬೇಕು! ಆ ವರ್ಷ ಇಡೀ ದೇಶದಲ್ಲಿ ಶತಾಯುಷಿಗಳಿದ್ದದ್ದು 153 ಜನ. ಯಾವ ಹಣಕಾಸು ಅಧಿಕಾರಿಯೂ ಹುಬ್ಬೇರಿಸದಷ್ಟು ಚಿಕ್ಕ ಬಾಬತ್ತು. ಐವತ್ತು ವರ್ಷ ಕಳೆಯುವಷ್ಟರಲ್ಲಿ ವರ್ಷಕ್ಕೆ ಹೊಸದಾಗಿ ನೂರು ಮುಟ್ಟುವವರೇ ಮೂವತ್ತು ಸಾವಿರದ ಹತ್ತಿರ ಬಂದರು. 2009ರಲ್ಲಿ ಬಟ್ಟಲನ್ನು ಚಿಕ್ಕದು ಮಾಡಿದರು. ಅದೂ ಸಾಲದೆ 2016ರಲ್ಲಿ ಅಪ್ಪಟ ಬೆಳ್ಳಿ ಬಿಟ್ಟು ಬೆಳ್ಳಿಯ ಲೇಪನಕ್ಕೆ ಇಳಿದರು, ಖರ್ಚು ಅರ್ಧವಾಯಿತು. 2024ರಲ್ಲಿ ಆ ದೇಶದ ಶತಾಯುಷಿಗಳ ಸಂಖ್ಯೆ 95 ಸಾವಿರ ದಾಟಿತ್ತು. ಪಿಂಚಣಿ, ಆಸ್ಪತ್ರೆಗಳಲ್ಲೂ ಆಗುವುದು ಇದೇ. ಕೊಡಲು ಶುರುಮಾಡುವಾಗ ಪಡೆಯುವವರು ಕಡಿಮೆ, ಕೊಡುವವರು ಬಹಳ. ಮಾತು ಕೊಟ್ಟ ಮೇಲೆ ನಿಲ್ಲಿಸಲಾಗುವುದಿಲ್ಲ, ತೆಳು ಮಾಡಬಹುದು.

ನಮ್ಮಲ್ಲಿ ಈ ಲೆಕ್ಕಕ್ಕೆ ರಾಜ್ಯ-ಕೇಂದ್ರದ ಜಗಳವೂ ಅಂಟಿಕೊಂಡಿದೆ. ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೇ ಹಣಕಾಸು ಆಯೋಗದ ಕಾಲದಲ್ಲಿ ಶೇಕಡ 4.713 ಇದ್ದದ್ದು ಹದಿನೈದನೆಯದರಲ್ಲಿ 3.647 ಆಯಿತು. ಜನಸಂಖ್ಯೆ ಹತೋಟಿಯಲ್ಲಿಟ್ಟದ್ದಕ್ಕೆ ಶಿಕ್ಷೆ ಎಂದು ಚಹಾದಂಗಡಿಯಲ್ಲಿ ಹೇಳುತ್ತಾರೆ. ಪೂರ್ತಿ ನಿಜವಲ್ಲ. ದೊಡ್ಡ ಏಟು ಬಿದ್ದದ್ದು ತಲಾ ಆದಾಯ ಹೆಚ್ಚಾದ ಕಾರಣಕ್ಕೆ, ಮತ್ತು ಹೆರಿಗೆ ಇಳಿಸಿದ ರಾಜ್ಯಗಳಿಗೆಂದು ಆಯೋಗ ನೂರಕ್ಕೆ 12.5 ಅಂಕ ಬೇರೆಯೇ ಇಟ್ಟಿತ್ತು. ಆದರೆ ಆ ಸೂತ್ರದಲ್ಲಿ ಮುದುಕರು ಎಷ್ಟಿದ್ದಾರೆಂದು ನೋಡುವ ಅಂಕವೇ ಇರಲಿಲ್ಲ. ದಕ್ಷಿಣದ ರಾಜ್ಯಗಳು ಕೇಳಬೇಕಾದ್ದು ಅದನ್ನು.

ಜಪಾನಿನ ಇನ್ನೊಂದು ಕಥೆಯನ್ನು ಅವಳು ತಾನೇ ಹುಡುಕಿ ತಂದಳು. 2010ರಲ್ಲಿ ಟೋಕಿಯೋದ ಅತಿ ಹಿರಿಯ, 111 ವರ್ಷದ ಗಂಡಸನ್ನು ಅಭಿನಂದಿಸಲು ಅಧಿಕಾರಿಗಳು ಹೋದರೆ, ಆತ ಸತ್ತು ಮೂವತ್ತು ವರ್ಷವಾಗಿದ್ದು ಗೊತ್ತಾಯಿತು. ಹೆಣ ಮನೆಯಲ್ಲೇ ಇತ್ತು, ಪಿಂಚಣಿ ಮನೆಯವರಿಗೆ ಬರುತ್ತಲೇ ಇತ್ತು. ಗಾಬರಿಬಿದ್ದು ದೇಶದ ಕುಟುಂಬ ದಾಖಲೆಗಳನ್ನೆಲ್ಲ ಜಾಲಾಡಿದಾಗ, ಎಲ್ಲಿದ್ದಾರೆಂದು ಯಾರಿಗೂ ತಿಳಿಯದ ಶತಾಯುಷಿಗಳು ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಸಿಕ್ಕರು. ಬಹುಪಾಲು ಮೋಸವಲ್ಲ, ಯುದ್ಧದಲ್ಲೋ ವಲಸೆಯಲ್ಲೋ ಹೋದವರ ಹೆಸರನ್ನು ಯಾರೂ ಹೊಡೆದುಹಾಕಿರಲಿಲ್ಲ.

“ನಮ್ಮಲ್ಲಿ ಹೀಗಾಗಲ್ವಾ?” ಎಂದಳು. ಆಗಬಾರದೆಂದೇ ನವೆಂಬರಿನಲ್ಲಿ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಆಯಿಗೆ ಅಪ್ಪನ ಕುಟುಂಬ ಪಿಂಚಣಿ ಬರುತ್ತದೆ. ಮೊದಲಾದರೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಹೆಬ್ಬೆರಳು ಒತ್ತಿಸುತ್ತಿದ್ದೆವು. ವರ್ಷಗಟ್ಟಲೆ ಅಡಿಕೆ ಸುಲಿದ ಆ ಬೆರಳಿನಲ್ಲಿ ಗೆರೆ ಉಳಿದಿದ್ದರೆ ತಾನೆ ಯಂತ್ರ ಗುರುತಿಸುವುದು! ಈಗ ಮೊಬೈಲಿನಲ್ಲೇ ಮುಖ ತೋರಿಸಿ, ಹೇಳಿದಾಗ ಕಣ್ಣು ಮಿಟುಕಿಸಿದರೆ ಆಯಿತು. ಆಯಿಯನ್ನು ಜಗುಲಿಯ ಬೆಳಕಿಗೆ ಕೂರಿಸಿ ಮೊಮ್ಮಗಳು ಫೋನು ಹಿಡಿದಳು.

“ಅಮ್ಮಮ್ಮ, ಕಣ್ಣು ಮಿಟುಕಿಸು.”

“ಯಾಕೆ?”

“ನೀನು ಬದುಕಿದೀಯ ಅಂತ ಸರ್ಕಾರಕ್ಕೆ ಗೊತ್ತಾಗಬೇಕು.”

ಆಯಿ ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಬೆಳಿಗ್ಗೆಯಿಂದ ಇವನಿಗೆ ಎರಡು ಸಲ ದೋಸೆ ಎರೆದು ಹಾಕಿದೀನಲ್ಲ, ಅದನ್ನು ಹೇಳು” ಎಂದಳು. ಆಮೇಲೆ ಮಿಟುಕಿಸಿದಳು, ಫೋನು ಒಪ್ಪಿಕೊಂಡಿತು. ತಂಗಿಯ ಮಗಳು ಕೆಲಸ ಮಾಡುವ ಹಿರಿಯರ ಕೋಷ್ಟಕದ ಕೆಳಗೆ ಒಂದು ಅಡಿಟಿಪ್ಪಣಿ ಸೇರಿಸಿದಳು. ಅಂಕ ಕೊಡುವ ಮೇಡಂ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಮೂಲ?’ ಎಂದು ಬರೆದು ಕಳಿಸಿದ್ದಾರೆ.